ಸಾಲ ಕೆಟ್ಟ ಮೇಲೆ ಬ್ಯಾಂಕಿನ ಲಾಭ ಎಲ್ಲಿ ಕರಗುತ್ತದೆ: ಒಂದು ಕೋಟಿ ಸಾಲದ ಲೆಕ್ಕ ಹಿಡಿದು ಎನ್‌ಪಿಎ ಅರ್ಥ ಮಾಡಿಕೊಳ್ಳುವುದು

ಬ್ಯಾಂಕಿನ ಫಲಿತಾಂಶ ಬಂದಾಗ ಹೆಚ್ಚಿನವರು ನೋಡುವುದು ಎರಡೇ ಅಂಕಿ. ಲಾಭ ಎಷ್ಟು, ಎನ್‌ಪಿಎ ಅಂದರೆ ಕಂತು ಬಾರದೆ ಕೆಟ್ಟ ಸಾಲ ಎಷ್ಟು. ಎರಡಕ್ಕೂ ನಂಟಿದೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಎನ್‌ಪಿಎ ಹೆಚ್ಚಾದ ವರ್ಷ ಲಾಭ ಸ್ವಲ್ಪ ಮಾತ್ರ ಇಳಿದು, ಹೊಸ ಎನ್‌ಪಿಎ ಏನೂ ಇಲ್ಲದ ಮರುವರ್ಷ ಲಾಭ ಪಾತಾಳಕ್ಕೆ ಹೋಗುವುದು ಯಾಕೆ? ಒಂದು ರೂಪಾಯಿಯೂ ವಸೂಲಾಗದೆ ನಿವ್ವಳ ಎನ್‌ಪಿಎ ಕಡಿಮೆಯಾಗುವುದು ಹೇಗೆ? ಉತ್ತರ ಪ್ರಾವಿಷನ್ ಲೆಕ್ಕದಲ್ಲಿದೆ, ಅಂದರೆ ಬಾರದೇ ಹೋಗಬಹುದಾದ ಸಾಲಕ್ಕಾಗಿ ಬ್ಯಾಂಕು ಲಾಭದಿಂದ ಬದಿಗಿಡುವ ಮೊತ್ತದ ಲೆಕ್ಕದಲ್ಲಿ. ಅದನ್ನು ಒಂದೇ ಸಾಲ ಹಿಡಿದು, ಕಂತು ತಪ್ಪಿದ ದಿನದಿಂದ ಕೊನೆಯವರೆಗೆ ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಇಲ್ಲಿ ಹೇಳುವುದು ಭಾರತದ ವಾಣಿಜ್ಯ ಬ್ಯಾಂಕುಗಳಿಗೆ ಆರ್‌ಬಿಐ ಹಾಕಿರುವ ನಿಯಮ. ನಗರ ಸಹಕಾರಿ ಬ್ಯಾಂಕುಗಳಿಗೂ ವರ್ಗಗಳ ಹೆಸರು ಇವೇ, ಆದರೆ ಶೇಕಡಾವಾರು ದರ ಬೇರೆ. ಉದಾಹರಣೆಯ ಸಾಲ ಕಲ್ಪಿತ. ಅದರ ದಿನಾಂಕಗಳನ್ನು ಮಾತ್ರ ಆರ್‌ಬಿಐನ 2021ರ ನವೆಂಬರ್ 12ರ ಸುತ್ತೋಲೆಯ ಉದಾಹರಣೆಯಿಂದ ತೆಗೆದುಕೊಂಡಿದ್ದೇನೆ.

## ಮೊದಲು ಸಾಲವನ್ನು ಪರಿಚಯ ಮಾಡಿಕೊಳ್ಳೋಣ

ಮಧ್ಯಮ ಗಾತ್ರದ ಒಂದು ಕಾರ್ಖಾನೆ ಯಂತ್ರ ಕೊಳ್ಳಲು ಟರ್ಮ್ ಲೋನ್ ತೆಗೆದುಕೊಂಡಿದೆ. ಸದ್ಯ ಬಾಕಿ ಇರುವ ಅಸಲು 1 ಕೋಟಿ ರೂಪಾಯಿ. ಬಡ್ಡಿ ವರ್ಷಕ್ಕೆ 12%, ಅಂದರೆ ತಿಂಗಳಿಗೆ ಸುಮಾರು 1 ಲಕ್ಷ. ಪ್ರತಿ ತಿಂಗಳ ಕೊನೆಗೆ 2 ಲಕ್ಷ ಅಸಲು, 1 ಲಕ್ಷ ಬಡ್ಡಿ ಸೇರಿ 3 ಲಕ್ಷದ ಕಂತು. ಯಂತ್ರಗಳೇ ಭದ್ರತೆ. ಬ್ಯಾಂಕಿನ ಪುಸ್ತಕದಲ್ಲಿ ಅವುಗಳ ಬೆಲೆ 90 ಲಕ್ಷ ಎಂದಿದೆ.

ಕಂತು ಸರಿಯಾಗಿ ಬರುತ್ತಿರುವಾಗ ಇದು ಸ್ಟ್ಯಾಂಡರ್ಡ್ ಸಾಲ. ಒಳ್ಳೆಯ ಸಾಲಕ್ಕೂ ಬ್ಯಾಂಕು ಸ್ವಲ್ಪ ಹಣ ಬದಿಗಿಡಬೇಕು. ಇಂಥ ಸಾಲಕ್ಕೆ ಅದು 0.40%, ಅಂದರೆ 40 ಸಾವಿರ. ಕೃಷಿ ಮತ್ತು ಕಿರು, ಸಣ್ಣ ಉದ್ಯಮಗಳ ಸಾಲಕ್ಕೆ 0.25%, ವಾಣಿಜ್ಯ ಕಟ್ಟಡಗಳಿಗೆ ಕೊಟ್ಟ ಸಾಲಕ್ಕೆ 1%. ಈ ಮೊತ್ತ ಸಣ್ಣದು. ಮುಂದಿನ ಲೆಕ್ಕ ಸರಳವಾಗಿರಲಿ ಅಂತ ಇದನ್ನು ಇಲ್ಲಿಗೇ ಬಿಡುತ್ತೇನೆ.

## ಹೆಜ್ಜೆ 1: ದಿನ ಎಣಿಸುವುದು

2021ರ ಮಾರ್ಚ್ 31ರ ಕಂತು ಬರಲಿಲ್ಲ ಅಂದುಕೊಳ್ಳಿ. ಅಂದು ರಾತ್ರಿ ಬ್ಯಾಂಕಿನ ಕಂಪ್ಯೂಟರ್ ದಿನದ ಲೆಕ್ಕ ಮುಗಿಸುವ ಹೊತ್ತಿಗೆ ಹಣ ಜಮಾ ಆಗದಿದ್ದರೆ ಸಾಲ ಅದೇ ದಿನದಿಂದ ಸುಸ್ತಿ. ಮರುದಿನದಿಂದಲ್ಲ. ಆ ಕ್ಷಣವೇ ಖಾತೆಗೆ ಎಸ್‌ಎಂಎ-0 ಅನ್ನುವ ಗುರುತು ಬೀಳುತ್ತದೆ. ಇದರ ಮೇಲೆ ಕಣ್ಣಿಡಿ ಅನ್ನುವ ಸೂಚನೆ ಅದು, ಇನ್ನೂ ಎನ್‌ಪಿಎ ಅಲ್ಲ.

ಏಪ್ರಿಲ್ 30ಕ್ಕೆ 30 ದಿನ ತುಂಬುತ್ತದೆ, ಖಾತೆ ಎಸ್‌ಎಂಎ-1 ಆಗುತ್ತದೆ. ಮೇ 30ಕ್ಕೆ 60 ದಿನ, ಎಸ್‌ಎಂಎ-2. ಜೂನ್ 29ಕ್ಕೆ 90 ದಿನ ತುಂಬಿ ಖಾತೆ ಎನ್‌ಪಿಎ. ತಿಂಗಳ ಕೊನೆ ಅಥವಾ ತ್ರೈಮಾಸಿಕದ ಕೊನೆವರೆಗೆ ಕಾಯುವ ಹಾಗಿಲ್ಲ. ಯಾವ ದಿನ 90 ತುಂಬುತ್ತದೋ ಅದೇ ದಿನ. ಈ 90 ದಿನದ ಗಡುವು 2004ರ ಮಾರ್ಚ್ 31ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು 180 ದಿನ ಇತ್ತು.

ಈ ಎಣಿಕೆಯಲ್ಲಿ ಒಂದು ದಿನದ ಬೆಲೆ ಎಷ್ಟು ಅಂತ ನೋಡಿ, ಸಾಲಗಾರರಿಗೆ ಇದು ಬಹಳ ಮುಖ್ಯ. ಜೂನ್ 28ರ ಹೊತ್ತಿಗೆ ಮಾರ್ಚ್, ಏಪ್ರಿಲ್, ಮೇ ತಿಂಗಳ ಮೂರು ಕಂತು ಬಾಕಿ, ಒಟ್ಟು 9 ಲಕ್ಷ. ಕಾರ್ಖಾನೆಯವರು ಅಂದು 3 ಲಕ್ಷ ಕಟ್ಟಿದರೆ ಅದು ಎಲ್ಲಕ್ಕಿಂತ ಹಳೆಯದಾದ ಮಾರ್ಚ್ ಕಂತಿಗೆ ಹೋಗುತ್ತದೆ. ಈಗ ಹಳೆಯ ಬಾಕಿ ಏಪ್ರಿಲ್ 30ರದ್ದು, ಅದಕ್ಕೆ ಆಗಿರುವುದು 59 ದಿನ. ಖಾತೆ ಎಸ್‌ಎಂಎ-2ರಿಂದ ಎಸ್‌ಎಂಎ-1ಕ್ಕೆ ವಾಪಸ್. ಅದೇ 3 ಲಕ್ಷವನ್ನು ಜೂನ್ 30ರಂದು ಕಟ್ಟಿದರೆ ಏನೂ ಪ್ರಯೋಜನ ಇಲ್ಲ. ಒಮ್ಮೆ ಎನ್‌ಪಿಎ ಆದ ಖಾತೆ ಮತ್ತೆ ಸ್ಟ್ಯಾಂಡರ್ಡ್ ಆಗಬೇಕಾದರೆ ಬಾಕಿ ಇರುವ ಅಸಲು ಮತ್ತು ಬಡ್ಡಿ ಪೂರ್ತಿ ಬರಬೇಕು. ಅಷ್ಟರಲ್ಲಿ ಜೂನ್ ಕಂತೂ ಸೇರಿ ಬಾಕಿ 12 ಲಕ್ಷ ಆಗಿರುತ್ತದೆ. ಕೆಲವು ಬ್ಯಾಂಕುಗಳು ಬಾಕಿಯ ಒಂದು ಭಾಗ ಬಂದ ಕೂಡಲೇ ಖಾತೆಯನ್ನು ಮೇಲಕ್ಕೆ ತರುತ್ತಿದ್ದವು. ಅದು ಸಲ್ಲದು ಎಂದು 2021ರ ಆ ಸುತ್ತೋಲೆ ಸ್ಪಷ್ಟವಾಗಿ ಹೇಳಿತು.

ಕ್ಯಾಶ್ ಕ್ರೆಡಿಟ್ ಮತ್ತು ಓವರ್‌ಡ್ರಾಫ್ಟ್ ಖಾತೆಗೆ ಕಂತು ಅನ್ನುವುದೇ ಇಲ್ಲವಲ್ಲ. ಅಲ್ಲಿ ಬಾಕಿ 90 ದಿನ ಎಡೆಬಿಡದೆ ಮಿತಿ ಮೀರಿರಬೇಕು, ಇಲ್ಲವೇ 90 ದಿನ ಯಾವುದೇ ಜಮಾ ಆಗಿರಬಾರದು, ಇಲ್ಲವೇ ಆದ ಜಮಾ ಆ ಅವಧಿಯ ಬಡ್ಡಿಗೂ ಸಾಲದಂತಿರಬೇಕು. ಬೆಳೆ ಸಾಲಕ್ಕೆ ದಿನದ ಬದಲು ಹಂಗಾಮು. ಅಲ್ಪಾವಧಿ ಬೆಳೆಯಾದರೆ ಬಾಕಿ ಎರಡು ಹಂಗಾಮು ಉಳಿಯಬೇಕು, ದೀರ್ಘಾವಧಿ ಬೆಳೆಯಾದರೆ ಒಂದು. ಠೇವಣಿ, ಎನ್‌ಎಸ್‌ಸಿ, ಜೀವ ವಿಮೆ ಪಾಲಿಸಿಯ ಮೇಲೆ ಕೊಟ್ಟ ಸಾಲಕ್ಕೆ ಸಾಕಷ್ಟು ಮಾರ್ಜಿನ್ ಇದ್ದರೆ ಎನ್‌ಪಿಎ ಪಟ್ಟ ಬೇಕಿಲ್ಲ. ಚಿನ್ನದ ಒಡವೆಗೆ ಈ ವಿನಾಯಿತಿ ಇಲ್ಲ. ಒಡವೆ ಬ್ಯಾಂಕಿನ ತಿಜೋರಿಯಲ್ಲೇ ಇದ್ದರೂ ಸಾಲ ಎನ್‌ಪಿಎ ಆಗಬಹುದು ಅನ್ನುವುದು ತುಂಬಾ ಜನರಿಗೆ ಗೊತ್ತಿರುವುದಿಲ್ಲ.

ಇನ್ನೊಂದು ಮಾತು. ಎನ್‌ಪಿಎ ಅನ್ನುವುದು ಖಾತೆಗೆ ಅಲ್ಲ, ಸಾಲಗಾರನಿಗೆ ಅಂಟುವ ಗುರುತು. ಈ ಕಾರ್ಖಾನೆಗೆ ಅದೇ ಬ್ಯಾಂಕಿನಲ್ಲಿ ಕ್ಯಾಶ್ ಕ್ರೆಡಿಟ್ ಖಾತೆಯೂ ಇದ್ದು ಅದು ಚೆನ್ನಾಗಿಯೇ ನಡೆಯುತ್ತಿದ್ದರೂ, ಟರ್ಮ್ ಲೋನ್ ಜೊತೆಗೆ ಅದೂ ಎನ್‌ಪಿಎ ಆಗುತ್ತದೆ.

## ಹೆಜ್ಜೆ 2: ಬಡ್ಡಿಯನ್ನು ವಾಪಸ್ ಕಳೆಯುವುದು

ಲಾಭಕ್ಕೆ ಬೀಳುವ ಮೊದಲ ಪೆಟ್ಟು ಪ್ರಾವಿಷನ್ ಅಲ್ಲ, ಬಡ್ಡಿ.

ಸಾಲ ಸ್ಟ್ಯಾಂಡರ್ಡ್ ಆಗಿರುವಷ್ಟು ದಿನ ಬ್ಯಾಂಕು ಬಡ್ಡಿಯನ್ನು ಕೈಗೆ ಬರುವ ಮೊದಲೇ ಆದಾಯ ಎಂದು ಬರೆದುಕೊಳ್ಳುತ್ತದೆ. ನಮ್ಮ ಸಾಲದಲ್ಲಿ ಮಾರ್ಚ್, ಏಪ್ರಿಲ್, ಮೇ ತಿಂಗಳ 3 ಲಕ್ಷ ಬಡ್ಡಿ ಹೀಗೆ ಪುಸ್ತಕದಲ್ಲಿದೆ, ಕೈಗೆ ಬಂದಿಲ್ಲ. ಜೂನ್ 29ಕ್ಕೆ ಖಾತೆ ಎನ್‌ಪಿಎ ಆದ ಕೂಡಲೇ ಈ 3 ಲಕ್ಷವನ್ನು ಆದಾಯದಿಂದ ಕಳೆಯಬೇಕು. ಮಾರ್ಚ್ ತಿಂಗಳ ಬಡ್ಡಿ ಹಿಂದಿನ ಹಣಕಾಸು ವರ್ಷದ ಲಾಭದಲ್ಲಿ ಸೇರಿ, ಆ ಲೆಕ್ಕ ಮುಗಿದುಹೋಗಿದ್ದರೂ ಬಿಡುವ ಹಾಗಿಲ್ಲ. ಈ ವರ್ಷದ ಆದಾಯದಿಂದಲೇ ಅದನ್ನು ಕಳೆಯಬೇಕು.

ಅಲ್ಲಿಂದ ಮುಂದೆ ಬಡ್ಡಿಯನ್ನು ಆದಾಯ ಎಂದು ಬರೆಯಬೇಕಾದರೆ ಹಣ ನಿಜಕ್ಕೂ ಬರಬೇಕು. ಸಾಲಗಾರ ಬಡ್ಡಿ ಕೊಡಬೇಕಾದ ಹೊಣೆ ತಪ್ಪುವುದಿಲ್ಲ, ಬ್ಯಾಂಕು ಅದನ್ನು ಪಕ್ಕದಲ್ಲಿ ಎಣಿಸುತ್ತಲೇ ಇರುತ್ತದೆ. ಲಾಭಕ್ಕೆ ಮಾತ್ರ ಸೇರಿಸುವುದಿಲ್ಲ. ವರ್ಷಕ್ಕೆ 12 ಲಕ್ಷ ಆದಾಯ ಹೋಯಿತು. ಆದರೆ ಈ ಒಂದು ಕೋಟಿ ಬಂದದ್ದು ಠೇವಣಿದಾರರಿಂದ. ಅವರಿಗೆ 6% ಬಡ್ಡಿ ಎಂದರೂ ವರ್ಷಕ್ಕೆ 6 ಲಕ್ಷ ಕೊಡುತ್ತಲೇ ಇರಬೇಕು. ಈ ಖರ್ಚು ಯಾವ ಎನ್‌ಪಿಎ ಪಟ್ಟಿಯಲ್ಲೂ ಕಾಣುವುದಿಲ್ಲ. ಬ್ಯಾಂಕಿನ ಬಡ್ಡಿ ಮಾರ್ಜಿನ್ ಸುಮ್ನೆ ಕುಗ್ಗುತ್ತದೆ, ಅಷ್ಟೇ.

## ಹೆಜ್ಜೆ 3: ವರ್ಗ ಗುರುತಿಸಿ ಪ್ರಾವಿಷನ್ ಹಾಕುವುದು

ಎನ್‌ಪಿಎ ಆದ ಸಾಲಕ್ಕೆ ಮೂರು ವರ್ಗ. ಮೊದಲ 12 ತಿಂಗಳು ಸಬ್‌ಸ್ಟ್ಯಾಂಡರ್ಡ್. ಆಮೇಲೆ ಡೌಟ್‌ಫುಲ್. ಡೌಟ್‌ಫುಲ್‌ನಲ್ಲೂ ವಯಸ್ಸಿನ ಪ್ರಕಾರ ಮೂರು ಹಂತ: ಮೊದಲ ಒಂದು ವರ್ಷ ಡಿ1, ಒಂದರಿಂದ ಮೂರು ವರ್ಷ ಡಿ2, ಮೂರು ವರ್ಷ ದಾಟಿದರೆ ಡಿ3. ಇನ್ನು ವಸೂಲಿಗೆ ಬೆಲೆಯೇ ಉಳಿದಿಲ್ಲ ಎಂದು ಬ್ಯಾಂಕು, ಆಡಿಟರ್ ಅಥವಾ ಆರ್‌ಬಿಐ ತಪಾಸಣೆ ಗುರುತಿಸಿದರೆ ಅದು ಲಾಸ್.

ಮುಂದಿನ ಲೆಕ್ಕಕ್ಕೆ ಹೋಗುವ ಮೊದಲು ಪ್ರಾವಿಷನ್ ಅಂದರೆ ಏನು ಅನ್ನುವುದು ಸ್ಪಷ್ಟವಾಗಿರಲಿ. ಬ್ಯಾಂಕಿನಿಂದ ಯಾರಿಗೂ ಹಣ ಹೋಗುವುದಿಲ್ಲ. ಈ ಸಾಲದಲ್ಲಿ ಇಷ್ಟು ಹಣ ಬಾರದೇ ಹೋಗಬಹುದು ಎಂದು ಒಪ್ಪಿಕೊಂಡು, ಅಷ್ಟನ್ನು ಲಾಭ ನಷ್ಟದ ಲೆಕ್ಕದಲ್ಲಿ ಖರ್ಚು ಎಂದು ಬರೆಯುವುದೇ ಪ್ರಾವಿಷನ್. ಹಣ ಹೊರಗೆ ಹೋಗಿದ್ದು ಸಾಲ ಕೊಟ್ಟ ದಿನ. ಅದು ನಷ್ಟ ಎಂದು ಲೆಕ್ಕಕ್ಕೆ ಬರುವುದು ಈಗ.

ಸಬ್‌ಸ್ಟ್ಯಾಂಡರ್ಡ್ ವರ್ಷ. ಇಲ್ಲಿ ನಿಯಮ ಸರಳ. ಬಾಕಿಯ 15%. ಭದ್ರತೆ ಎಷ್ಟೇ ಇರಲಿ, ಅದನ್ನು ಕಳೆದು ಲೆಕ್ಕ ಹಾಕುವ ಹಾಗಿಲ್ಲ. ನಮ್ಮ ಸಾಲಕ್ಕೆ 15 ಲಕ್ಷ. ಮೊದಲಿನಿಂದಲೇ ಭದ್ರತೆ ಇಲ್ಲದೆ ಕೊಟ್ಟ ಸಾಲವಾದರೆ 25%. ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್ ಬಾಕಿ ಕೆಟ್ಟಾಗ ಬ್ಯಾಂಕುಗಳಿಗೆ ಬೇಗ ಬಿಸಿ ತಟ್ಟುವುದಕ್ಕೆ ಇದೂ ಒಂದು ಕಾರಣ. ನಗರ ಸಹಕಾರಿ ಬ್ಯಾಂಕುಗಳಲ್ಲಿ ಈ ಹಂತದ ದರ 10%.

ಡಿ1ಕ್ಕೆ ಜಾರಿದಾಗ. 2022ರ ಜೂನ್ 29ಕ್ಕೆ ಸಾಲ ಡೌಟ್‌ಫುಲ್ ಆಗುತ್ತದೆ. ಈಗ ಲೆಕ್ಕದ ರೀತಿಯೇ ಬದಲಾಗುತ್ತದೆ. ಇವತ್ತು ಯಂತ್ರಗಳನ್ನು ಮಾರಿದರೆ ಎಷ್ಟು ಬರುತ್ತದೆ ಅನ್ನುವ ಪ್ರಶ್ನೆ ಬರುತ್ತದೆ. ಮೌಲ್ಯಮಾಪಕರು ಬಂದು ನೋಡಿ 60 ಲಕ್ಷ ಎಂದರು ಅಂದುಕೊಳ್ಳಿ. ಒಂದು ಕೋಟಿಯಲ್ಲಿ 60 ಲಕ್ಷಕ್ಕೆ ಮಾತ್ರ ಭದ್ರತೆ ಇದೆ, 40 ಲಕ್ಷಕ್ಕೆ ಇಲ್ಲ. ಭದ್ರತೆ ಇಲ್ಲದ ಭಾಗಕ್ಕೆ 100% ಪ್ರಾವಿಷನ್, ಅಂದರೆ ಪೂರ್ತಿ 40 ಲಕ್ಷ. ಭದ್ರತೆ ಇರುವ ಭಾಗಕ್ಕೆ ಡಿ1ರಲ್ಲಿ 25%, ಅಂದರೆ 15 ಲಕ್ಷ. ಒಟ್ಟು 55 ಲಕ್ಷ. ಈಗಾಗಲೇ 15 ಲಕ್ಷ ಹಾಕಿದೆ, ಹಾಗಾಗಿ ಈ ವರ್ಷದ ಲಾಭದಿಂದ 40 ಲಕ್ಷ ಹೋಗುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ಸಾಲ ಕೆಟ್ಟ ವರ್ಷ ಪ್ರಾವಿಷನ್ ಲೆಕ್ಕದಲ್ಲಿ ಲಾಭದಿಂದ ಹೋದದ್ದು 15 ಲಕ್ಷ. ಏನೂ ಹೊಸದಾಗಿ ನಡೆಯದ ಮರುವರ್ಷ ಹೋದದ್ದು 40 ಲಕ್ಷ. ಸಾಲಗಾರನ ಸ್ಥಿತಿ ಹೋದ ವರ್ಷಕ್ಕಿಂತ ಕೆಟ್ಟಿಲ್ಲ. ಕ್ಯಾಲೆಂಡರ್ ಮುಂದೆ ಹೋಗಿದೆ ಅಷ್ಟೇ. ನನ್ನ ಪ್ರಕಾರ ಪ್ರಾವಿಷನ್ ನಿಯಮದಲ್ಲಿ ಅರ್ಥ ಮಾಡಿಕೊಳ್ಳಲೇಬೇಕಾದ ಜಾಗ ಇದೊಂದೇ. ಭದ್ರತೆ ಎಷ್ಟು ಕಡಿಮೆ ಇರುತ್ತದೋ ಈ ಎರಡನೇ ವರ್ಷದ ಪೆಟ್ಟು ಅಷ್ಟು ಜೋರು. ಭದ್ರತೆ ಪೂರ್ತಿ ಒಂದು ಕೋಟಿ ಇದ್ದಿದ್ದರೆ ಡಿ1ರಲ್ಲಿ ಬೇಕಾಗುತ್ತಿದ್ದುದು 25 ಲಕ್ಷ ಮಾತ್ರ, ಹೊಸದಾಗಿ ಹಾಕಬೇಕಾದದ್ದು ಬರೀ 10 ಲಕ್ಷ.

ಡಿ2. 2023ರ ಜೂನ್ 29ಕ್ಕೆ ಡಿ2. ಭದ್ರತೆ ಇರುವ ಭಾಗದ ದರ 40%ಗೆ ಏರುತ್ತದೆ. ಯಂತ್ರಗಳು ಓಡದೆ ನಿಂತಿವೆ, ಹೊಸ ಮೌಲ್ಯಮಾಪನದಲ್ಲಿ ಬೆಲೆ 50 ಲಕ್ಷಕ್ಕೆ ಇಳಿದಿದೆ. ಭದ್ರತೆ ಇಲ್ಲದ ಭಾಗ ಈಗ 50 ಲಕ್ಷ, ಅದಕ್ಕೆ ಪೂರ್ತಿ. ಉಳಿದ 50 ಲಕ್ಷಕ್ಕೆ 40%, ಅಂದರೆ 20 ಲಕ್ಷ. ಒಟ್ಟು 70 ಲಕ್ಷ, ಹೊಸದಾಗಿ 15 ಲಕ್ಷ. ಬೆಲೆ 60 ಲಕ್ಷದಲ್ಲೇ ನಿಂತಿದ್ದರೆ 9 ಲಕ್ಷ ಸಾಕಾಗುತ್ತಿತ್ತು. ಅಂದರೆ ಡೌಟ್‌ಫುಲ್ ಆದ ಮೇಲೆ ಲಾಭವನ್ನು ತಿನ್ನುವುದು ಎರಡು: ಸಾಲದ ವಯಸ್ಸು, ಭದ್ರತೆಯ ಬೆಲೆ.

ಡಿ3. ಡಿ2 ಎರಡು ವರ್ಷ ಇರುತ್ತದೆ, ಹಾಗಾಗಿ ಮರುವರ್ಷ ಹೊಸ ಪ್ರಾವಿಷನ್ ಬೇಡ. 2025ರ ಜೂನ್ 29ಕ್ಕೆ ಡೌಟ್‌ಫುಲ್ ಆಗಿ ಮೂರು ವರ್ಷ ತುಂಬುತ್ತದೆ. ಡಿ3ರಲ್ಲಿ ಭದ್ರತೆ ಇರುವ ಭಾಗಕ್ಕೂ 100%. ಯಂತ್ರಗಳಿಗೆ ಇನ್ನೂ 50 ಲಕ್ಷ ಬೆಲೆ ಇದ್ದರೂ ಲೆಕ್ಕದಲ್ಲಿ ಅದು ಸೊನ್ನೆ. ಉಳಿದ 30 ಲಕ್ಷವೂ ಲಾಭದಿಂದ ಹೋಯಿತು.

| ವರ್ಷದ ಕೊನೆ | ವರ್ಗ | ಒಟ್ಟು ಪ್ರಾವಿಷನ್ (ಲಕ್ಷ) | ಆ ವರ್ಷದ ಲಾಭದಿಂದ ಹೋದದ್ದು (ಲಕ್ಷ) |
|---|---|---|---|
| ಮಾರ್ಚ್ 2022 | ಸಬ್‌ಸ್ಟ್ಯಾಂಡರ್ಡ್ | 15 | 15 |
| ಮಾರ್ಚ್ 2023 | ಡಿ1 | 55 | 40 |
| ಮಾರ್ಚ್ 2024 | ಡಿ2 | 70 | 15 |
| ಮಾರ್ಚ್ 2025 | ಡಿ2 | 70 | 0 |
| ಮಾರ್ಚ್ 2026 | ಡಿ3 | 100 | 30 |

ಸಾಲ ಜಾರಿದ ದಿನ ಜೂನ್ 29 ಆದ್ದರಿಂದ ಪ್ರತಿ ಸಲದ ಪೆಟ್ಟೂ ಏಪ್ರಿಲ್‌–ಜೂನ್ ತ್ರೈಮಾಸಿಕದಲ್ಲೇ ಬೀಳುತ್ತದೆ. ಒಂದು ತ್ರೈಮಾಸಿಕದಲ್ಲಿ ತುಂಬಾ ಸಾಲ ಒಟ್ಟಿಗೆ ಎನ್‌ಪಿಎ ಆದರೆ, ಅವು ವಸೂಲಾಗದೆ ಉಳಿದ ಪಕ್ಷದಲ್ಲಿ ಮರುವರ್ಷದ ಅದೇ ತ್ರೈಮಾಸಿಕದಲ್ಲಿ ಪ್ರಾವಿಷನ್ ಏರುತ್ತದೆ ಎಂದು ಮೊದಲೇ ಊಹಿಸಬಹುದು.

ಮೇಲಿನ ದರಗಳು ಕನಿಷ್ಠ ಮಟ್ಟ. ಜಾಗರೂಕ ಬ್ಯಾಂಕುಗಳು ಮೊದಲ ವರ್ಷವೇ ಇದಕ್ಕಿಂತ ಜಾಸ್ತಿ ಹಾಕಿಬಿಡುತ್ತವೆ. ಆಗ ಎರಡನೇ ವರ್ಷದ ಪೆಟ್ಟು ಹಗುರ. ಇದು ಒಳ್ಳೆಯ ಅಭ್ಯಾಸ ಎಂದೇ ನನ್ನ ಅಭಿಪ್ರಾಯ. ಆದರೆ ಹಾಗೆ ಮಾಡಲು ಆ ವರ್ಷ ಸಾಕಷ್ಟು ಲಾಭ ಇರಬೇಕು.

## ಮೆಟ್ಟಿಲು ತಪ್ಪಿಸಿ ಕೆಳಗೆ ಬೀಳುವ ಸಾಲಗಳು

ಎಲ್ಲಾ ಸಾಲವೂ ಹೀಗೆ ವರ್ಷ ವರ್ಷ ಇಳಿಯುವುದಿಲ್ಲ. ಭದ್ರತೆಯ ಮಾರಾಟ ಬೆಲೆ ಬ್ಯಾಂಕು ಮೊದಲು ಅಂದಾಜು ಮಾಡಿದ್ದರ ಅರ್ಧಕ್ಕಿಂತ ಕೆಳಗೆ ಇಳಿದರೆ, 12 ತಿಂಗಳು ಕಾಯದೆ ಸಾಲವನ್ನು ನೇರವಾಗಿ ಡೌಟ್‌ಫುಲ್ ಎಂದು ಗುರುತಿಸಬೇಕು. ನಮ್ಮ ಕಾರ್ಖಾನೆಯ ಯಂತ್ರಗಳಿಗೆ ಪುಸ್ತಕದ ಬೆಲೆ 90 ಲಕ್ಷ, ಸಿಕ್ಕ ಬೆಲೆ 60 ಲಕ್ಷ, ಹಾಗಾಗಿ ಇದು ಅನ್ವಯಿಸಲಿಲ್ಲ. ಮೊದಲ ವರ್ಷವೇ ಬೆಲೆ 40 ಲಕ್ಷ ಎಂದು ಗೊತ್ತಾಗಿದ್ದರೆ ಆಗಲೇ ಭದ್ರತೆ ಇಲ್ಲದ 60 ಲಕ್ಷ ಪೂರ್ತಿ, 40 ಲಕ್ಷಕ್ಕೆ 25%, ಒಟ್ಟು 70 ಲಕ್ಷ ಒಂದೇ ವರ್ಷದ ಲಾಭದಿಂದ ಹೋಗುತ್ತಿತ್ತು. ಇನ್ನು ಭದ್ರತೆ ಬಾಕಿಯ 10%ಕ್ಕಿಂತ ಕಡಿಮೆ ಎಂದಾದರೆ ಸಾಲ ನೇರವಾಗಿ ಲಾಸ್, ಪೂರ್ತಿ ಪ್ರಾವಿಷನ್.

ಆದ್ದರಿಂದ ಮೌಲ್ಯಮಾಪನದ ವರದಿಗೆ ಇಷ್ಟು ತೂಕ. ಹಳೆಯ ವರದಿಯನ್ನೇ ಹಿಡಿದುಕೊಂಡು ಬೆಲೆ ಜಾಸ್ತಿ ತೋರಿಸಿದರೆ ಪ್ರಾವಿಷನ್ ಕಡಿಮೆ ಕಾಣುತ್ತದೆ, ಲಾಭ ಹೆಚ್ಚು ಕಾಣುತ್ತದೆ. ಸಾಲವನ್ನೇ ಒಳ್ಳೆಯದು ಎಂದು ತೋರಿಸುವ ಇನ್ನೊಂದು ದಾರಿ ಅದಕ್ಕಿಂತ ಅಪಾಯದ್ದು. ಅದೇ ಸಾಲಗಾರನಿಗೆ ಅಥವಾ ಅವನ ಸೋದರ ಕಂಪನಿಗೆ ಹೊಸ ಸಾಲ ಕೊಟ್ಟು, ಆ ಹಣದಿಂದ ಹಳೆಯ ಕಂತು ಕಟ್ಟಿಸುವುದು. ಇದನ್ನು ಎವರ್‌ಗ್ರೀನಿಂಗ್ ಅನ್ನುತ್ತಾರೆ. ನಷ್ಟ ಹೋಗುವುದಿಲ್ಲ, ಬಾಕಿ ದೊಡ್ಡದಾಗಿ ಮುಂದೆ ಬರುತ್ತದೆ.

2015ರಲ್ಲಿ ಆರ್‌ಬಿಐ ಬ್ಯಾಂಕುಗಳ ಪುಸ್ತಕಗಳನ್ನು ತಾನೇ ಬಿಚ್ಚಿ ನೋಡಿತು. ಆಸ್ತಿ ಗುಣಮಟ್ಟ ಪರಿಶೀಲನೆ ಎಂಬ ಆ ಕೆಲಸ ನಡೆದದ್ದು ರಘುರಾಂ ರಾಜನ್ ಗವರ್ನರ್ ಆಗಿದ್ದಾಗ. ಸ್ಟ್ಯಾಂಡರ್ಡ್ ಎಂದು ಬರೆದುಕೊಂಡಿದ್ದ ಎಷ್ಟೋ ದೊಡ್ಡ ಸಾಲಗಳನ್ನು ಎನ್‌ಪಿಎ ಎಂದು ಗುರುತಿಸಬೇಕಾಯಿತು. ವಾಣಿಜ್ಯ ಬ್ಯಾಂಕುಗಳ ಒಟ್ಟು ಎನ್‌ಪಿಎ ಏರುತ್ತಾ ಹೋಗಿ 2018ರ ಮಾರ್ಚ್ ಹೊತ್ತಿಗೆ ಒಟ್ಟು ಸಾಲದ 11% ದಾಟಿತು. ಸಾಲಗಳು ಆ ವರ್ಷವೇ ಒಮ್ಮೆಗೆ ಕೆಟ್ಟಿದ್ದಲ್ಲ, ಬಹಳಷ್ಟು ಮೊದಲೇ ಕೆಟ್ಟಿದ್ದವು. ವಯಸ್ಸು ಏರಿದಂತೆ ಪ್ರಾವಿಷನ್ ಏರಿ, ಸಾರ್ವಜನಿಕ ವಲಯದ ಹಲವು ಬ್ಯಾಂಕುಗಳು ನಷ್ಟ ತೋರಿಸಿದವು. ಸರ್ಕಾರ ಅವುಗಳಿಗೆ ಬಂಡವಾಳ ತುಂಬಬೇಕಾಯಿತು. 2024ರ ಮಾರ್ಚ್ ಹೊತ್ತಿಗೆ ಒಟ್ಟು ಎನ್‌ಪಿಎ 3%ಕ್ಕಿಂತ ಕೆಳಗೆ ಬಂತು. ಅದರಲ್ಲಿ ವಸೂಲಿಯ ಪಾಲೂ ಇದೆ, ಸಾಲವನ್ನು ಪುಸ್ತಕದಿಂದ ಹೊಡೆದುಹಾಕುವ ರೈಟ್-ಆಫ್ ಪಾಲೂ ಇದೆ.

## ಹೆಜ್ಜೆ 4: ಇಡೀ ಬ್ಯಾಂಕಿನ ಲಾಭಕ್ಕೆ ಇದನ್ನು ಹೊಂದಿಸುವುದು

ಈಗ ಒಂದು ಸಾಲದಿಂದ ಒಂದು ಬ್ಯಾಂಕಿಗೆ ಹೋಗೋಣ. ಕಲ್ಪಿತ ಬ್ಯಾಂಕು, ಒಟ್ಟು ಸಾಲ 1,000 ಕೋಟಿ. ಬಡ್ಡಿ ಆದಾಯದಿಂದ ಠೇವಣಿಯ ಬಡ್ಡಿ, ಸಂಬಳ, ಬಾಡಿಗೆ ಎಲ್ಲಾ ಕಳೆದು ವರ್ಷಕ್ಕೆ 25 ಕೋಟಿ ಉಳಿಯುತ್ತದೆ. ಇದು ಪ್ರಾವಿಷನ್‌ಗೆ ಮೊದಲಿನ ಲಾಭ, ಅಂದರೆ ಆಪರೇಟಿಂಗ್ ಪ್ರಾಫಿಟ್. ತೆರಿಗೆಯನ್ನು ಇಲ್ಲಿ ಬಿಟ್ಟಿದ್ದೇನೆ.

ವರ್ಷದ ಆರಂಭದಲ್ಲೇ 40 ಕೋಟಿ ಸಾಲ ಎನ್‌ಪಿಎ ಆಯಿತು. ಬಡ್ಡಿ 9% ಎಂದರೆ 3.6 ಕೋಟಿ ಆದಾಯ ಹೋಯಿತು. 15% ಪ್ರಾವಿಷನ್ 6 ಕೋಟಿ. ಉಳಿದ ಲಾಭ 15.4 ಕೋಟಿ. ಬ್ಯಾಂಕಿನವರು ಪರವಾಗಿಲ್ಲ, ತಡೆದುಕೊಂಡೆವು ಅನ್ನಬಹುದು.

ಮರುವರ್ಷ ಒಂದೂ ಹೊಸ ಎನ್‌ಪಿಎ ಇಲ್ಲ, ಹಳೆಯದರಲ್ಲಿ ವಸೂಲಿಯೂ ಇಲ್ಲ. 40 ಕೋಟಿ ಡಿ1ಕ್ಕೆ ಜಾರಿತು. ಭದ್ರತೆ ಅರ್ಧ, ಅಂದರೆ 20 ಕೋಟಿ ಮಾತ್ರ. ಬೇಕಾದ ಪ್ರಾವಿಷನ್ ಭದ್ರತೆ ಇಲ್ಲದ 20 ಕೋಟಿ, ಜೊತೆಗೆ ಉಳಿದ 20 ಕೋಟಿಯ 25% ಆದ 5 ಕೋಟಿ. ಒಟ್ಟು 25 ಕೋಟಿ, ಹೊಸದಾಗಿ ಹಾಕಬೇಕಾದದ್ದು 19 ಕೋಟಿ. ಬಡ್ಡಿಯ 3.6 ಕೋಟಿ ಈ ವರ್ಷವೂ ಇಲ್ಲ. 25ರಲ್ಲಿ 3.6 ಮತ್ತು 19 ಕಳೆದರೆ ಉಳಿಯುವುದು 2.4 ಕೋಟಿ. ಒಟ್ಟು ಸಾಲದಲ್ಲಿ ಕೆಟ್ಟದ್ದು 4% ಮಾತ್ರ, ಎರಡನೇ ವರ್ಷದ ಲಾಭದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೋಯಿತು. ಬ್ಯಾಂಕು ಸಾಲದ ಪೂರ್ತಿ ಮೊತ್ತವನ್ನು ಅಪಾಯಕ್ಕೆ ಒಡ್ಡಿ, ಅದರ ಎರಡೂವರೆ ಶೇಕಡಾ ಮಾತ್ರ ಗಳಿಸುತ್ತದಲ್ವಾ, ಅದಕ್ಕೇ ಇಷ್ಟು ದೊಡ್ಡ ಪೆಟ್ಟು.

ಈಗ ಎನ್‌ಪಿಎ ಅನುಪಾತ ನೋಡಿ. ಒಟ್ಟು ಎನ್‌ಪಿಎ ಎರಡೂ ವರ್ಷ 40 ಕೋಟಿ, ಅಂದರೆ 4%. ನಿವ್ವಳ ಎನ್‌ಪಿಎ ಲೆಕ್ಕಕ್ಕೆ ಕೆಟ್ಟ ಸಾಲ, ಒಟ್ಟು ಸಾಲ ಎರಡರಿಂದಲೂ ಪ್ರಾವಿಷನ್ ಕಳೆಯುತ್ತಾರೆ. ಮೊದಲ ವರ್ಷ 40ರಲ್ಲಿ 6 ಹೋಗಿ 34, ಅದನ್ನು 994ರಿಂದ ಭಾಗಿಸಿದರೆ ಸುಮಾರು 3.4%. ಎರಡನೇ ವರ್ಷ 15ನ್ನು 975ರಿಂದ ಭಾಗಿಸಿ ಸುಮಾರು 1.5%. ಒಂದು ರೂಪಾಯಿ ವಸೂಲಿ ಇಲ್ಲದೆ ನಿವ್ವಳ ಎನ್‌ಪಿಎ ಅರ್ಧಕ್ಕಿಂತ ಕಡಿಮೆ ಆಯಿತು. ಇದರಲ್ಲಿ ಮೋಸ ಏನೂ ಇಲ್ಲ. ನಷ್ಟದ ಹೆಚ್ಚಿನ ಪಾಲನ್ನು ಲಾಭ ಈಗಾಗಲೇ ನುಂಗಿದೆ, ಮುಂದೆ ನುಂಗಬೇಕಾದದ್ದು 15 ಕೋಟಿ ಮಾತ್ರ ಉಳಿದಿದೆ ಎಂದು ಆ ಅಂಕಿ ಹೇಳುತ್ತಿದೆ. ಒಟ್ಟು ಎನ್‌ಪಿಎಯಲ್ಲಿ ಎಷ್ಟು ಭಾಗಕ್ಕೆ ಪ್ರಾವಿಷನ್ ಆಗಿದೆ ಎನ್ನುವುದನ್ನು ಪ್ರಾವಿಷನ್ ಕವರೇಜ್ ಅನುಪಾತ ಅನ್ನುತ್ತಾರೆ. ನಮ್ಮ ಬ್ಯಾಂಕಿಗೆ ಅದು 15%ರಿಂದ 62.5%ಗೆ ಏರಿದೆ.

ಫಲಿತಾಂಶ ಓದುವಾಗ ನಾನಾದರೆ ಮೊದಲು ಆಪರೇಟಿಂಗ್ ಪ್ರಾಫಿಟ್ ಹಾಗೂ ಪ್ರಾವಿಷನ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಆಮೇಲೆ ಈ ತ್ರೈಮಾಸಿಕದಲ್ಲಿ ಹೊಸದಾಗಿ ಎನ್‌ಪಿಎ ಆದದ್ದು ಎಷ್ಟು ಎಂದು ಹುಡುಕುತ್ತೇನೆ, ಅದಕ್ಕೆ ಫ್ರೆಶ್ ಸ್ಲಿಪೇಜ್ ಎಂದು ಹೆಸರು. ಸ್ಲಿಪೇಜ್ ಜಾಸ್ತಿ ಇದ್ದು ಕವರೇಜ್ ಕಡಿಮೆ ಇದ್ದರೆ, ಇವತ್ತಿನ ಲಾಭ ಎಷ್ಟೇ ಚೆನ್ನಾಗಿ ಕಂಡರೂ ಮುಂದಿನ ವರ್ಷದ ಪ್ರಾವಿಷನ್ ಬಾಗಿಲಲ್ಲೇ ನಿಂತಿದೆ. ಎಸ್‌ಎಂಎ-2 ಮೊತ್ತ ಕೊಟ್ಟಿದ್ದರೆ ಅದೂ ಉಪಯುಕ್ತ. ಅದು ಎನ್‌ಪಿಎ ಆಗಲು 30 ದಿನಕ್ಕಿಂತ ಹೆಚ್ಚು ಬಾಕಿ ಇಲ್ಲದ ಸಾಲ. ವಾರ್ಷಿಕ ವರದಿಯಲ್ಲಿ ಡೈವರ್ಜೆನ್ಸ್ ಎಂಬ ಟಿಪ್ಪಣಿ ಇದ್ದರೆ ಬಿಡದೆ ಓದಿ. ಬ್ಯಾಂಕು ತೋರಿಸಿದ್ದಕ್ಕೂ ಆರ್‌ಬಿಐ ತಪಾಸಣೆಯಲ್ಲಿ ಕಂಡದ್ದಕ್ಕೂ ದೊಡ್ಡ ವ್ಯತ್ಯಾಸ ಇದ್ದಾಗ ಮಾತ್ರ ಆ ಟಿಪ್ಪಣಿ ಹಾಕಬೇಕಾಗುತ್ತದೆ.

## ಹೆಜ್ಜೆ 5: ರೈಟ್-ಆಫ್ ಬಂದಾಗ ಗೊಂದಲ ಬೇಡ

ನಮ್ಮ ಕಾರ್ಖಾನೆ ಸಾಲಕ್ಕೆ 2026ರ ಮಾರ್ಚ್ ಹೊತ್ತಿಗೆ ಪೂರ್ತಿ 1 ಕೋಟಿ ಪ್ರಾವಿಷನ್ ಆಗಿದೆ. ಈಗ ಬ್ಯಾಂಕು ಅದನ್ನು ರೈಟ್-ಆಫ್ ಮಾಡಿದರೆ ಲಾಭಕ್ಕೆ ಏನಾಗುತ್ತದೆ? ಏನೂ ಆಗುವುದಿಲ್ಲ. ಪುಸ್ತಕದ ಒಂದು ಕಡೆ 1 ಕೋಟಿ ಸಾಲ, ಇನ್ನೊಂದು ಕಡೆ 1 ಕೋಟಿ ಪ್ರಾವಿಷನ್, ಎರಡನ್ನೂ ಹೊಡೆದುಹಾಕುತ್ತಾರೆ. ನಷ್ಟವನ್ನು ಐದು ವರ್ಷಗಳಲ್ಲಿ ಆಗಲೇ ಅನುಭವಿಸಿ ಆಗಿದೆ. ಒಟ್ಟು ಎನ್‌ಪಿಎ ಅಂಕಿ ಮಾತ್ರ ಇಳಿಯುತ್ತದೆ. ಪೂರ್ತಿ ಪ್ರಾವಿಷನ್ ಆಗುವ ಮೊದಲೇ ರೈಟ್-ಆಫ್ ಮಾಡಿದರೆ, ಕಡಿಮೆ ಬಿದ್ದಷ್ಟು ಆ ವರ್ಷದ ಲಾಭದಿಂದ ಹೋಗುತ್ತದೆ.

ರೈಟ್-ಆಫ್ ಅಂದರೆ ಸಾಲ ಮನ್ನಾ ಎಂದು ತಿಳಿದು ಪ್ರತಿ ವರ್ಷ ಗಲಾಟೆ ಆಗುತ್ತದೆ. ಮನ್ನಾದಲ್ಲಿ ಸಾಲಗಾರ ಬಿಡುಗಡೆ. ರೈಟ್-ಆಫ್‌ನಲ್ಲಿ ಸಾಲಗಾರ ಪೂರ್ತಿ ಮೊತ್ತಕ್ಕೆ ಹೊಣೆಯಾಗಿಯೇ ಇರುತ್ತಾನೆ. ಸರ್ಫೇಸಿ ಕಾಯ್ದೆಯಡಿ ಭದ್ರತೆ ಮುಟ್ಟುಗೋಲು, ಸಾಲ ವಸೂಲಿ ನ್ಯಾಯಮಂಡಳಿಯಲ್ಲಿ ದಾವೆ, ಜಾಮೀನುದಾರರ ಮೇಲೆ ಕ್ರಮ ಎಲ್ಲವೂ ಮುಂದುವರಿಯುತ್ತವೆ. ಜನರ ಸಿಟ್ಟಿಗೆ ಕಾರಣ ಇಲ್ಲದಿಲ್ಲ, ಯಾಕಂದರೆ ರೈಟ್-ಆಫ್ ಆದದ್ದರಲ್ಲಿ ದೊಡ್ಡ ಪಾಲು ವಸೂಲಾಗದೇ ಉಳಿಯುತ್ತದೆ. ಆದರೆ ಪ್ರಶ್ನೆ ಕೇಳಬೇಕಾದದ್ದು ರೈಟ್-ಆಫ್ ಯಾಕೆ ಮಾಡಿದಿರಿ ಎಂದಲ್ಲ, ಆಮೇಲೆ ವಸೂಲಿ ಎಷ್ಟಾಯಿತು ಎಂದು.

ಒಂದು ದಿನ ಆ ಯಂತ್ರಗಳು ಹರಾಜಾಗಿ 38 ಲಕ್ಷ ಬಂತು ಅಂದುಕೊಳ್ಳಿ. ಪುಸ್ತಕದಲ್ಲಿ ಸಾಲದ ಬೆಲೆ ಸೊನ್ನೆ ಆಗಿರುವುದರಿಂದ ಆ 38 ಲಕ್ಷ ಆ ವರ್ಷದ ಲಾಭಕ್ಕೆ ಸೇರುತ್ತದೆ. ಹಿಂದೆ ತುಂಬಾ ಪ್ರಾವಿಷನ್ ಹಾಕಿದ ಬ್ಯಾಂಕುಗಳ ಲಾಭ ಕೆಲವು ವರ್ಷ ಇದ್ದಕ್ಕಿದ್ದಂತೆ ಜಿಗಿಯುವುದು ಹೀಗೆ. ಅದು ಈ ವರ್ಷದ ವ್ಯಾಪಾರದ ಗಳಿಕೆ ಅಲ್ಲ, ಹಳೆಯ ನಷ್ಟದ ಒಂದು ತುಂಡು ವಾಪಸ್ ಬಂದದ್ದು. ಪ್ರತಿ ವರ್ಷ ಬರುತ್ತದೆ ಎಂದು ಎಣಿಸಬಾರದು.

## ಮುಂದೆ ಬದಲಾಗಬಹುದಾದದ್ದು

ಈ ಪದ್ಧತಿಯ ಮಿತಿ ನಮ್ಮ ಲೆಕ್ಕದಲ್ಲೇ ಕಾಣುತ್ತದೆ. ಕಾರ್ಖಾನೆ ಮಾರ್ಚ್ 31ಕ್ಕೇ ಕಂತು ತಪ್ಪಿಸಿತು, ಆದರೆ ಜೂನ್ 29ರವರೆಗೆ ಪ್ರಾವಿಷನ್ 0.40%ರಲ್ಲೇ ಇತ್ತು. 89ನೇ ದಿನ 40 ಸಾವಿರ, 90ನೇ ದಿನ 15 ಲಕ್ಷ. ಸಾಲ ಒಂದೇ ರಾತ್ರಿಯಲ್ಲಿ ಅಷ್ಟು ಕೆಡುವುದಿಲ್ಲ. ಅದಕ್ಕೇ ಆರ್‌ಬಿಐ ನಿರೀಕ್ಷಿತ ನಷ್ಟದ ಆಧಾರದ ಮೇಲೆ ಪ್ರಾವಿಷನ್ ಹಾಕುವ ಪದ್ಧತಿಗೆ 2025ರ ಅಕ್ಟೋಬರ್‌ನಲ್ಲಿ ಕರಡು ನಿಯಮ ಪ್ರಕಟಿಸಿತು. 2027ರ ಏಪ್ರಿಲ್ 1ರಿಂದ ತರುವ ಪ್ರಸ್ತಾಪ ಅದರಲ್ಲಿದೆ. 90 ದಿನದ ಎನ್‌ಪಿಎ ಗೆರೆ ಹಾಗೇ ಇರುತ್ತದೆ. ಆದರೆ ಸಾಲದ ಅಪಾಯ ಗಣನೀಯವಾಗಿ ಏರಿದೆ ಎಂದಾದಾಗಲೇ, ಸಾಮಾನ್ಯವಾಗಿ 30 ದಿನ ಸುಸ್ತಿ ದಾಟಿದ ಮೇಲೆ, ಬ್ಯಾಂಕು ಆ ಸಾಲದ ಉಳಿದ ಅವಧಿಯಲ್ಲಿ ಆಗಬಹುದಾದ ನಷ್ಟವನ್ನು ಅಂದಾಜು ಮಾಡಿ ಹಣ ಬದಿಗಿಡಬೇಕು. ನಮ್ಮ ಸಾಲಕ್ಕೆ ಈ ನಿಯಮ ಇದ್ದಿದ್ದರೆ ಮೊದಲ ಪೆಟ್ಟು ಜೂನ್ ಕೊನೆಗೆ ಬದಲು ಮೇ ತಿಂಗಳ ಆಸುಪಾಸಿನಲ್ಲೇ ಬೀಳುತ್ತಿತ್ತು, ಎರಡನೇ ವರ್ಷದ 40 ಲಕ್ಷದಲ್ಲಿ ಒಂದು ಪಾಲು ಮೊದಲ ವರ್ಷಕ್ಕೇ ಬರುವ ಸಾಧ್ಯತೆ ಇತ್ತು.